ಒಂದನೇ ಮಹಾಯುದ್ಧದ ಕಾರಣಗಳು: ನಾಲ್ಕು ಉಪನ್ಯಾಸಗಳ ಸ್ಲೈಡುಗಳನ್ನು ಜೋಡಿಸಿದ ಪರಿಕಲ್ಪನಾ ನಕ್ಷೆ

ಅಂತಿಮ ಬಿ.ಎ. ಇತಿಹಾಸ ವಿದ್ಯಾರ್ಥಿಗಳಿಗೆ: ಆವರಣದಲ್ಲಿರುವ ಮೊದಲ ಅಂಕಿ ಉಪನ್ಯಾಸದ್ದು, ಎರಡನೆಯದು ಸ್ಲೈಡಿನದು. ಉಪನ್ಯಾಸ 1 ಮೈತ್ರಿಕೂಟಗಳು, 2 ವಸಾಹತು ಪೈಪೋಟಿ, 3 ಶಸ್ತ್ರಾಸ್ತ್ರ ಮತ್ತು ಸೇನಾ ಯೋಜನೆ, 4 ಬಾಲ್ಕನ್ ಹಾಗೂ ಜುಲೈ ಬಿಕ್ಕಟ್ಟು.

ಮೊದಲ ತರಗತಿಯಲ್ಲಿ ನಾನು ತೋರಿಸಿದ ಸ್ಲೈಡಿನಲ್ಲಿ (1/3) ಸೈನಿಕವಾದ, ಮೈತ್ರಿಕೂಟ, ಸಾಮ್ರಾಜ್ಯಶಾಹಿ, ಉಗ್ರ ರಾಷ್ಟ್ರೀಯತೆ ಎಂಬ ನಾಲ್ಕು ಚೌಕಗಳಿದ್ದವು. ನಾಲ್ಕರಿಂದಲೂ ‘ಯುದ್ಧ’ದ ಕಡೆಗೆ ಒಂದೊಂದು ಬಾಣವಿತ್ತು. ಆ ಚೌಕಗಳ ನಡುವೆ ಒಂದೂ ಬಾಣವಿರಲಿಲ್ಲ. ಯುದ್ಧ ಹುಟ್ಟಿದ್ದು ಅವುಗಳ ನಡುವಿನ ಸಂಬಂಧಗಳಲ್ಲೇ ಆದ್ದರಿಂದ, ಈ ನಕ್ಷೆಯಲ್ಲಿ ಪ್ರತಿ ಬಾಣದ ಮೇಲೆ ಒಂದು ಕ್ರಿಯಾಪದವನ್ನು ಬರೆದಿದ್ದೇನೆ. ಕ್ರಿಯಾಪದ ಸಿಗದ ಕಡೆ ಬಾಣವನ್ನು ಎಳೆದಿಲ್ಲ.

ಎಡಮೂಲೆಯಿಂದ ಆರಂಭಿಸಿ. 1871ರಲ್ಲಿ ಆಲ್ಸೇಸ್-ಲೊರೇನ್ ಜರ್ಮನಿಯ ಪಾಲಾದದ್ದು (1/5) ಫ್ರಾನ್ಸನ್ನು ‘ಶಾಶ್ವತ ವೈರಿಯನ್ನಾಗಿಸಿತು’. ಆ ಫ್ರಾನ್ಸಿಗೆ ಜೊತೆಗಾರರು ಸಿಗದಂತೆ ನೋಡಿಕೊಳ್ಳುವುದೇ ಬಿಸ್ಮಾರ್ಕನ ನೀತಿಯಾಯಿತು (1/8). 1890ರಲ್ಲಿ ಆತ ಪದವಿಯಿಂದಿಳಿದ ಮೇಲೆ ರಷ್ಯದೊಂದಿಗಿನ ರಹಸ್ಯ ಒಪ್ಪಂದವನ್ನು ಜರ್ಮನಿ ನವೀಕರಿಸಲಿಲ್ಲ. ಅದು 1894ರ ಫ್ರಾನ್ಸ್-ರಷ್ಯ ಮೈತ್ರಿಗೆ (1/11) ‘ದಾರಿ ಬಿಟ್ಟಿತು’.

ಉಪನ್ಯಾಸ 1 ಮತ್ತು 2 ಸೇರುವ ಜಾಗ ಇಡೀ ನಕ್ಷೆಯಲ್ಲಿ ಹೆಚ್ಚು ಎಚ್ಚರದಿಂದ ಓದಬೇಕಾದದ್ದು. ವಸಾಹತು ಪೈಪೋಟಿ ನೇರವಾಗಿ ಯುದ್ಧ ತಂದಿತೆಂದು ಹಲವರು ಉತ್ತರ ಬರೆಯುತ್ತೀರಿ. ಆದರೆ ಬ್ರಿಟನ್ ಮತ್ತು ಫ್ರಾನ್ಸ್ 1904ರಲ್ಲಿ ಈಜಿಪ್ಟ್ ಹಾಗೂ ಮೊರೊಕ್ಕೊ ವಿಷಯದಲ್ಲಿ, ಬ್ರಿಟನ್ ಮತ್ತು ರಷ್ಯ 1907ರಲ್ಲಿ ಪರ್ಷಿಯ, ಅಫಘಾನಿಸ್ತಾನ, ಟಿಬೆಟ್ ವಿಷಯದಲ್ಲಿ ರಾಜಿಗೆ ಬಂದಿದ್ದವು. ಆದ್ದರಿಂದ ‘ವಸಾಹತು ವಿವಾದ’ ಎಂಬ ಚೌಕದಿಂದ (2/6) ‘ಸೌಹಾರ್ದ ಕೂಟ’ದ ಚೌಕಕ್ಕೆ (1/14) ಹೋಗುವ ಬಾಣದ ಮೇಲೆ ‘ಬಗೆಹರಿದು ಹತ್ತಿರ ತಂದಿತು’ ಎಂದಿದೆ. ಭಾರತದ ವಾಯವ್ಯ ಗಡಿಯ ಬಗ್ಗೆ ಬ್ರಿಟಿಷರಿಗಿದ್ದ ಆತಂಕ ಯುರೋಪಿನ ಬಣಗಳನ್ನು ರೂಪಿಸಿದ್ದು ಇಲ್ಲಿಯೇ. ಇದೇ ಚೌಕಕ್ಕೆ ಮೂರನೇ ಉಪನ್ಯಾಸದಿಂದಲೂ ಒಂದು ಬಾಣ ಬರುತ್ತದೆ: 1898 ಮತ್ತು 1900ರ ಜರ್ಮನ್ ನೌಕಾ ಕಾನೂನುಗಳು (3/4) ಬ್ರಿಟನ್ನನ್ನು ಫ್ರಾನ್ಸಿನ ಕಡೆಗೆ ‘ತಳ್ಳಿದವು’. 1905 ಮತ್ತು 1911ರ ಮೊರೊಕ್ಕೊ ಬಿಕ್ಕಟ್ಟುಗಳು (2/9) ಆ ಸ್ನೇಹವನ್ನು ‘ಗಟ್ಟಿಗೊಳಿಸಿದವು’.

ಉದ್ದನೆಯ ಅಡ್ಡಬಾಣ ಎರಡನೇ ಉಪನ್ಯಾಸದಿಂದ ನಾಲ್ಕನೆಯದಕ್ಕೆ ಹೋಗುತ್ತದೆ. 1905ರಲ್ಲಿ ಜಪಾನಿನ ಕೈಯಲ್ಲಿ ಸೋತ ರಷ್ಯ (2/12) ಪೂರ್ವ ಏಷ್ಯದಿಂದ ಬಾಲ್ಕನ್ ಕಡೆಗೆ ‘ತಿರುಗಿತು’. 1908ರಲ್ಲಿ ಆಸ್ಟ್ರಿಯ-ಹಂಗೆರಿ ಬೋಸ್ನಿಯವನ್ನು ಸೇರಿಸಿಕೊಂಡಾಗ (4/3), ರಷ್ಯ ಜರ್ಮನಿಯ ಒತ್ತಡಕ್ಕೆ ಮಣಿದು ಮರುವರ್ಷ ಅದನ್ನು ಒಪ್ಪಬೇಕಾಯಿತು. ಆ ಅವಮಾನ ‘ಇನ್ನೊಮ್ಮೆ ಮಣಿಯಲಾಗದು’ ಎಂಬ ನಿಲುವನ್ನು ‘ಬೆಳೆಸಿತು’. 1912-13ರ ಬಾಲ್ಕನ್ ಯುದ್ಧಗಳಲ್ಲಿ ಸರ್ಬಿಯ ಹೆಚ್ಚುಕಡಿಮೆ ಇಮ್ಮಡಿ ವಿಸ್ತಾರಗೊಂಡದ್ದು (4/6) ವಿಯೆನ್ನಾದ ಭಯವನ್ನು ‘ಹೆಚ್ಚಿಸಿತು’. 1914ರ ಜೂನ್ 28ರಂದು ಸರಯೇವೊದಲ್ಲಿ ಗಾವ್ರಿಲೊ ಪ್ರಿನ್ಸಿಪ್ ಆಸ್ಟ್ರಿಯದ ಯುವರಾಜ ಫ್ರಾಂಜ್ ಫರ್ಡಿನೆಂಡ್‌ನನ್ನು ಕೊಂದ ಸ್ಲೈಡು (4/8) ಇವೆಲ್ಲ ಬಾಣಗಳು ಬಂದು ಸೇರಿದ ನಂತರವೇ ಬರುತ್ತದೆ.

ಮುಂದಿನ ಸಾಲನ್ನು ದಿನಾಂಕದ ಕ್ರಮದಲ್ಲಿ ಓದಿ. ಜುಲೈ 23ರಂದು ಸರ್ಬಿಯಕ್ಕೆ ಆಸ್ಟ್ರಿಯದ ಅಂತಿಮ ಎಚ್ಚರಿಕೆ, 28ರಂದು ಅದರ ಯುದ್ಧಘೋಷಣೆ, 30ರಂದು ರಷ್ಯದ ಪೂರ್ಣ ಸೇನಾ ಸಜ್ಜಿಕೆಯ ಆದೇಶ. ಇಲ್ಲಿ ಷ್ಲೀಫೆನ್ ಯೋಜನೆಯನ್ನು (3/10) ತಂದು ಇಟ್ಟಿದ್ದೇನೆ. ರಷ್ಯ ಸಜ್ಜಾಗುವುದು ನಿಧಾನ. ಅಷ್ಟರೊಳಗೆ ಬೆಲ್ಜಿಯಂ ಮೂಲಕ ನುಗ್ಗಿ ಫ್ರಾನ್ಸನ್ನು ಸೋಲಿಸಬೇಕು ಎಂಬುದು ಅದರ ಲೆಕ್ಕ. ಹೀಗಾಗಿ ಪೂರ್ವದ ಸಜ್ಜಿಕೆ ಪಶ್ಚಿಮದ ದಾಳಿಯನ್ನು ‘ಆತುರಗೊಳಿಸಿತು’. ಆಗಸ್ಟ್ 1ರಂದು ಜರ್ಮನಿ ರಷ್ಯದ ಮೇಲೆ, 3ರಂದು ಫ್ರಾನ್ಸಿನ ಮೇಲೆ ಯುದ್ಧ ಸಾರಿತು. 4ರಂದು ಜರ್ಮನ್ ಸೇನೆ ಬೆಲ್ಜಿಯಂ ಅನ್ನು ಪ್ರವೇಶಿಸಿತು, ಅಂದೇ 1839ರ ಲಂಡನ್ ಒಪ್ಪಂದವನ್ನು ಮುಂದಿಟ್ಟು ಬ್ರಿಟನ್ ಯುದ್ಧಕ್ಕಿಳಿಯಿತು.

ಮೈತ್ರಿಕೂಟದಿಂದ ನೇರವಾಗಿ ಯುದ್ಧಕ್ಕೆ ಹೋಗುತ್ತಿದ್ದ ಹಳೆಯ ಬಾಣವನ್ನು ಅಳಿಸಿದ್ದೇನೆ. ತ್ರಿಮೈತ್ರಿ ಕೂಟದ ಸದಸ್ಯನಾಗಿದ್ದ ಇಟಲಿ 1914ರಲ್ಲಿ ತಟಸ್ಥವಾಗಿ ಉಳಿದು, 1915ರಲ್ಲಿ ಎದುರು ಬಣವನ್ನು ಸೇರಿದ್ದನ್ನು ಆ ಬಾಣ ವಿವರಿಸುವುದಿಲ್ಲ. 1918ರ ಹೈಫಾ ಕಾಳಗದಲ್ಲಿದ್ದ ಮೈಸೂರು ಲ್ಯಾನ್ಸರ್ಸ್ ಸ್ಲೈಡನ್ನೂ ಹೊರಗಿಟ್ಟಿದ್ದೇನೆ. ಅದು ನಮಗೆ ಹತ್ತಿರದ್ದೇ, ಆದರೆ ಕಾರಣವಲ್ಲ.

ನಕ್ಷೆಯಲ್ಲಿ ಒಂದೇ ಬಾಣ ಚುಕ್ಕೆಗೆರೆಯಲ್ಲಿದೆ. ಅದು ಜುಲೈ ಮೊದಲ ವಾರದಲ್ಲಿ ಬರ್ಲಿನ್ ಆಸ್ಟ್ರಿಯಕ್ಕೆ ನೀಡಿದ ಬೇಷರತ್ ಬೆಂಬಲದಿಂದ (4/10) ಅಂತಿಮ ಎಚ್ಚರಿಕೆಗೆ ಹೋಗುತ್ತದೆ. ‘ಧೈರ್ಯ ಕೊಟ್ಟಿತು’ ಎಂದು ಬರೆಯಬೇಕೇ, ‘ಬೇಕೆಂದೇ ಪ್ರಚೋದಿಸಿತು’ ಎಂದೇ ಎಂಬುದನ್ನು 1961ರಲ್ಲಿ ಫ್ರಿಟ್ಸ್ ಫಿಷರ್ ಎತ್ತಿದ ವಾದದ (4/17) ನಂತರವೂ ಇತಿಹಾಸಕಾರರು ಚರ್ಚಿಸುತ್ತಲೇ ಇದ್ದಾರೆ. ಸೋಮವಾರದ ತರಗತಿಗೆ ಬರುವಾಗ ನಿಮ್ಮ ಪ್ರತಿಯಲ್ಲಿ ಆ ಬಾಣದ ಮೇಲೆ ನಿಮ್ಮದೇ ಕ್ರಿಯಾಪದವನ್ನು ಬರೆದು, ಅದನ್ನು ಯಾವ ಸ್ಲೈಡು ಸಮರ್ಥಿಸುತ್ತದೆಂದು ಗುರುತಿಸಿಕೊಂಡು ಬನ್ನಿ.