ದೊಡ್ಡಪ್ಪ ಹಾಕಿದ ಲಸಿಕೆ ಸಂದೇಶದ ಬಗ್ಗೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಸಂದೇಶ, ದಯವಿಟ್ಟು ಪೂರ್ತಿ ಓದಿ. ರಶ್ಮಿ, ನೀನಂತೂ ಓದಲೇಬೇಕು.

ದೊಡ್ಡಪ್ಪ, ನಿನ್ನೆ ರಾತ್ರಿ ನೀವು ದಡಾರ-ರುಬೆಲ್ಲಾ ಲಸಿಕೆಯ ಬಗ್ಗೆ ಬಂದ ಸಂದೇಶವನ್ನು ಇಲ್ಲಿ ಹಾಕಿದ್ದೀರಿ. ಆದ್ಯಾಗೆ ಒಂಬತ್ತು ತಿಂಗಳು ತುಂಬಿದೆ, ಗುರುವಾರ ಅವಳಿಗೆ ಅದೇ ಚುಚ್ಚುಮದ್ದು ಇದೆ ಎಂಬುದು ನಿಮಗೆ ನೆನಪಿದ್ದುದರಿಂದಲೇ ಹಾಕಿದ್ದೀರಿ. ಮಗುವಿನ ಮೇಲಿನ ಕಾಳಜಿ ಅದು. ನನ್ನ ಮಾತು ನಿಮ್ಮ ಮೇಲಿನದಲ್ಲ, ಆ ಸಂದೇಶದ ಮೇಲಿನದು. ಈ ಲಸಿಕೆ ಹಾಕಿಸಿದರೆ ಹೆಣ್ಣುಮಕ್ಕಳಿಗೆ ಮುಂದೆ ಮಕ್ಕಳಾಗುವುದಿಲ್ಲ, ಆಟಿಸಂ ಬರುತ್ತದೆ, ವಿದೇಶದಲ್ಲಿ ಇದಕ್ಕೆ ನಿಷೇಧವಿದೆ, ಬೇವಿನ ಸೊಪ್ಪೇ ಸಾಕು ಎಂದು ಅದರಲ್ಲಿದೆ. ಇದ್ಯಾವುದೂ ನಿಜವಲ್ಲ. ರಶ್ಮಿ ಬೆಳಿಗ್ಗೆ ಫೋನ್ ಮಾಡಿ, "ಅಕ್ಕಾ, ಈ ಗುರುವಾರ ಬಿಟ್ಟುಬಿಡಲಾ?" ಎಂದು ಅಳುವ ದನಿಯಲ್ಲಿ ಕೇಳಿದಳು. ಅದಕ್ಕಾಗಿ ಎಲ್ಲರ ಮುಂದೆಯೇ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಈ ಸಂದೇಶ ಹೊಸದಲ್ಲ. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಈ ಲಸಿಕೆ ಹಾಕುವ ಅಭಿಯಾನ ನಡೆಯಿತು. ಶಾಲೆ ಶಾಲೆಗೆ ಬಂದು ಹಾಕಿದರು. ಆಗಲೂ ಇಂಥದೇ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತ್ತು: "ಹೆಣ್ಣುಮಕ್ಕಳಿಗೆ ಹಾಕಿಸಬೇಡಿ, ಮುಂದೆ ಮಕ್ಕಳಾಗುವುದಿಲ್ಲ." ನಮ್ಮ ಬೀದಿಯಲ್ಲಿ ಇಬ್ಬರು ಆ ದಿನ ಮಕ್ಕಳನ್ನು ಶಾಲೆಗೇ ಕಳುಹಿಸಲಿಲ್ಲ. ಆಗ ಒಂಬತ್ತನೆಯ ತರಗತಿಯಲ್ಲಿದ್ದ ರಶ್ಮಿಗೆ ಚಿಕ್ಕಮ್ಮ ಧೈರ್ಯವಾಗಿ ಹಾಕಿಸಿದರು. ರಶ್ಮಿ, ಸಂಜೆ ತೋಳು ನೋಯುತ್ತಿದೆ ಎಂದು ನನಗೆ ತೋರಿಸಿದ್ದೆ, ನೆನಪಿದೆಯೇ? ಆ ಹುಡುಗಿಯ ಮಗುವೇ ಆದ್ಯಾ. ಒಬ್ಬಳ ಉದಾಹರಣೆಯಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು. ಆದರೆ ಅಂದು ಚುಚ್ಚಿಸಿಕೊಂಡವರಲ್ಲಿ ದೊಡ್ಡವರಾಗಿದ್ದ ಹುಡುಗಿಯರು ಈಗ ಮದುವೆಯಾಗುವ, ತಾಯಿಯಾಗುವ ವಯಸ್ಸಿನಲ್ಲಿದ್ದಾರೆ. ಲಸಿಕೆಯಿಂದ ಬಂಜೆತನ ಬರುವುದಾಗಿದ್ದರೆ ಇಷ್ಟು ಹೊತ್ತಿಗೆ ಮನೆ ಮನೆಯಲ್ಲೂ ಗೊತ್ತಾಗಿರುತ್ತಿತ್ತು.

ನನಗೆ ಹೆಚ್ಚು ಸಂಕಟವಾಗುವುದು ಏಕೆಂದರೆ, ಸತ್ಯ ಇದಕ್ಕೆ ತದ್ವಿರುದ್ಧವಾಗಿದೆ. ರುಬೆಲ್ಲಾ ಮಕ್ಕಳಿಗೆ ಬಂದರೆ ಸಣ್ಣ ಜ್ವರ, ಮೈಮೇಲೆ ಒಂದಿಷ್ಟು ಗುಳ್ಳೆ. ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ. ಅದೇ ಸೋಂಕು ಗರ್ಭಿಣಿಗೆ ಮೊದಲ ಮೂರು ತಿಂಗಳಲ್ಲಿ ತಗುಲಿದರೆ ಗರ್ಭಪಾತವಾಗಬಹುದು, ಮಗು ಹೊಟ್ಟೆಯಲ್ಲೇ ತೀರಿಕೊಳ್ಳಬಹುದು, ಇಲ್ಲವೇ ಕಿವಿ ಕೇಳದೆ, ಕಣ್ಣಿನಲ್ಲಿ ಪೊರೆಯೊಂದಿಗೆ, ಹೃದಯದ ದೋಷದೊಂದಿಗೆ ಹುಟ್ಟಬಹುದು. ಇಂದು ಆದ್ಯಾಗೆ ಕೊಡುವ ರುಬೆಲ್ಲಾ ಲಸಿಕೆ, ಮುಂದೊಂದು ದಿನ ಅವಳ ಮಡಿಲಿಗೆ ಬರುವ ಮಗುವನ್ನೂ ಕಾಯುತ್ತದೆ. ಮಡಿಲು ತುಂಬಲೆಂದು ಕೊಡುವ ಲಸಿಕೆಯನ್ನೇ ಮಡಿಲು ಬರಿದು ಮಾಡುತ್ತದೆ ಎಂದು ಬರೆದವರಿಗೆ ನಮ್ಮ ಮಗುವಿನ ಕಾಳಜಿ ಇದ್ದೀತೆಂದು ನನಗೆ ಅನ್ನಿಸುವುದಿಲ್ಲ.

ಇನ್ನು ಆಟಿಸಂ ಮಾತು. 1998ರಲ್ಲಿ ಇಂಗ್ಲೆಂಡಿನಲ್ಲಿ ವೇಕ್‌ಫೀಲ್ಡ್ ಎಂಬ ವೈದ್ಯ ಕೇವಲ 12 ಮಕ್ಕಳನ್ನು ನೋಡಿ ಇಂಥ ಅನುಮಾನ ಹುಟ್ಟಿಸುವ ಲೇಖನ ಬರೆದ. ಅದರಲ್ಲಿ ಮೋಸವಿದ್ದುದು ಹೊರಬಿತ್ತು. ಅದನ್ನು ಪ್ರಕಟಿಸಿದ್ದ ಪತ್ರಿಕೆ 2010ರಲ್ಲಿ ಲೇಖನವನ್ನು ಹಿಂದಕ್ಕೆ ಪಡೆಯಿತು, ಅದೇ ವರ್ಷ ಅವನ ಹೆಸರನ್ನು ವೈದ್ಯರ ಪಟ್ಟಿಯಿಂದಲೇ ತೆಗೆದುಹಾಕಿದರು. ಆಮೇಲೆ ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ವರ್ಷಗಟ್ಟಲೆ ಪರಿಶೀಲಿಸಿದರು; 2019ರಲ್ಲಿ ಬಂದ ಆ ಅಧ್ಯಯನದಲ್ಲಿ ಲಸಿಕೆಗೂ ಆಟಿಸಂಗೂ ಯಾವ ಸಂಬಂಧವೂ ಕಾಣಲಿಲ್ಲ. ಆಟಿಸಂ ಲಕ್ಷಣಗಳು ಪೋಷಕರ ಕಣ್ಣಿಗೆ ಬೀಳುವುದು ಹೆಚ್ಚಾಗಿ ಒಂದೆರಡು ವರ್ಷದ ಹೊತ್ತಿಗೆ, ಲಸಿಕೆಯ ಕಾಲವೂ ಅದೇ. ಹಾಗಾಗಿ ಒಂದರಿಂದ ಇನ್ನೊಂದು ಬಂತೆಂದು ತೋರುವುದು ಸಹಜ.

"ವಿದೇಶದಲ್ಲಿ ನಿಷೇಧ" ಎಂಬುದೂ ಸುಳ್ಳು. ಅಮೆರಿಕ, ಇಂಗ್ಲೆಂಡಿನಲ್ಲಿ ದಡಾರ, ರುಬೆಲ್ಲಾ ಜೊತೆಗೆ ಮಂಗನಬಾವಿನ ಲಸಿಕೆಯನ್ನೂ ಸೇರಿಸಿ ಕೊಡುತ್ತಾರೆ. ನಮ್ಮ ಖಾಸಗಿ ಆಸ್ಪತ್ರೆಗಳಲ್ಲಿ ಹಣ ಕೊಟ್ಟು ಹಾಕಿಸುವುದೂ ಅದನ್ನೇ. ಸರ್ಕಾರ ಪುಕ್ಕಟೆಯಾಗಿ ಕೊಡುತ್ತದೆ ಎಂದ ಮಾತ್ರಕ್ಕೆ ಅನುಮಾನಪಡಬೇಕಾಗಿಲ್ಲ.

ಸಂದೇಶದ ಜೊತೆಗಿರುವ ಧ್ವನಿಮುದ್ರಿಕೆಯನ್ನು ಎರಡು ಸಲ ಕೇಳಿದೆ. "ಒಬ್ಬ ದೊಡ್ಡ ಡಾಕ್ಟರ್" ಎನ್ನುತ್ತಾರೆ, ಹೆಸರಿಲ್ಲ. "ಒಂದು ಊರಿನಲ್ಲಿ ಮಗು ಸತ್ತಿತು" ಎನ್ನುತ್ತಾರೆ, ಊರಿಲ್ಲ, ದಿನಾಂಕವಿಲ್ಲ. ಕೊನೆಗೆ ಬೇವಿನ ಸೊಪ್ಪೇ ಸಾಕು ಎನ್ನುತ್ತಾರೆ. ಬೇವಿನ ಸೊಪ್ಪಿನ ನೀರಿನಲ್ಲಿ ಸ್ನಾನ ಮಾಡಿಸುವುದು ನಮ್ಮ ಮನೆಯ ಪದ್ಧತಿ, ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ದಡಾರದ ವೈರಸ್ಸನ್ನು ಅದು ತಡೆಯುವುದಿಲ್ಲ. ರೋಗಿ ಕೋಣೆಯಿಂದ ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ಅದು ಗಾಳಿಯಲ್ಲಿ ಉಳಿಯಬಲ್ಲದು. ರಕ್ಷಣೆಯಿಲ್ಲದ ಹತ್ತು ಮಂದಿ ರೋಗಿಯ ಹತ್ತಿರವಿದ್ದರೆ ಸುಮಾರು ಒಂಬತ್ತು ಮಂದಿಗೆ ತಗುಲುತ್ತದೆ. ನ್ಯುಮೋನಿಯಾ, ಮಿದುಳಿನ ಉರಿಯೂತ, ಕುರುಡುತನದವರೆಗೂ ಹೋಗಬಹುದು. ಇದು ಹಳೆಯ ಕಾಲದ ಕಥೆಯಲ್ಲ. 2022ರಲ್ಲಿ ಮುಂಬೈಯಲ್ಲಿ ದಡಾರ ಹರಡಿ ಮಕ್ಕಳು ತೀರಿಕೊಂಡರು.

ದೊಡ್ಡಪ್ಪ, ನಿಮಗಿದನ್ನು ನಾನು ಹೇಳಬೇಕಾಗಿಲ್ಲ. ಹಬ್ಬದಲ್ಲಿ ಎಡೆ ಇಡುವಾಗ ನೀವು ಪುಟ್ಟಲಕ್ಷ್ಮಿಯ ಹೆಸರು ಹೇಳುತ್ತೀರಿ. ಎರಡು ವರ್ಷದ ನಿಮ್ಮ ತಂಗಿಗೆ ಅಮ್ಮ ಬಂದದ್ದು, ಆಮೇಲೆ ಉಸಿರಾಡಲು ಒದ್ದಾಡಿದ್ದು, ಅಜ್ಜಿ ಮೂರು ರಾತ್ರಿ ಮಡಿಲಲ್ಲಿಟ್ಟುಕೊಂಡು ಕುಳಿತದ್ದು ಎಲ್ಲವನ್ನೂ ನಿಮ್ಮ ಬಾಯಿಂದಲೇ ಕೇಳಿದ್ದೇನೆ. ಅದು ದಡಾರವೇ ಎಂದು ಆಗ ಬಂದಿದ್ದ ಡಾಕ್ಟರು ಹೇಳಿದ್ದರಂತೆ. ಅಜ್ಜಿಯ ಕಾಲಕ್ಕೆ ಈ ಲಸಿಕೆ ಸಿಗುತ್ತಿರಲಿಲ್ಲ.

ರಶ್ಮಿ, ಈಗ ನಿನಗೆ. ಲಸಿಕೆಯಿಂದ ಏನೂ ಆಗುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಚುಚ್ಚಿದ ಜಾಗ ನೋಯಬಹುದು. ಒಂದು ವಾರದ ನಂತರ, ಏಳರಿಂದ ಹನ್ನೆರಡು ದಿನಗಳೊಳಗೆ, ಕೆಲವು ಮಕ್ಕಳಿಗೆ ಜ್ವರ ಬರುತ್ತದೆ, ತೆಳುವಾಗಿ ಗುಳ್ಳೆ ಏಳುತ್ತದೆ, ತಾನಾಗಿ ಹೋಗುತ್ತದೆ. ಆಗ ಗಾಬರಿಯಾಗಬೇಡ. ತೀವ್ರ ಅಲರ್ಜಿ ಬಹಳ ಅಪರೂಪ. ಬಂದರೆ ಹೆಚ್ಚಾಗಿ ಕೂಡಲೇ ಬರುತ್ತದೆ, ಅದಕ್ಕೇ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ. ಮನೆಗೆ ಓಡಿ ಬರಬೇಡ. ಅಂದು ಬೆಳಿಗ್ಗೆ ಮಗುವಿಗೆ ಜೋರು ಜ್ವರವಿದ್ದರೆ ಸಿಸ್ಟರ್‌ಗೆ ಮೊದಲೇ ಹೇಳು, ಗುಣವಾದ ಮೇಲೆ ಹಾಕುತ್ತಾರೆ. ಸಣ್ಣ ನೆಗಡಿಗೆ ಮುಂದೂಡಬೇಕಾಗಿಲ್ಲ. ಒಂಬತ್ತು ತಿಂಗಳಿಗೆ ಪೋಲಿಯೊ, ನ್ಯುಮೋನಿಯಾ ಲಸಿಕೆಗಳೂ ಇರುತ್ತವೆ, ಎ ಜೀವಸತ್ವದ ದ್ರಾವಣವನ್ನು ಬಾಯಿಗೆ ಹಾಕುತ್ತಾರೆ. ಒಂದಕ್ಕಿಂತ ಹೆಚ್ಚು ಚುಚ್ಚಿದರೆ ಹೆದರಬೇಡ. ದಡಾರ-ರುಬೆಲ್ಲಾ ಎರಡನೆಯ ಡೋಸ್ ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ. ದಿನಾಂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೋ.

ದೊಡ್ಡಪ್ಪ, ನಿಮ್ಮಲ್ಲಿ ಎರಡು ಕೋರಿಕೆ. ಆ ಸಂದೇಶವನ್ನು ಇಲ್ಲಿಂದ ಅಳಿಸಿಬಿಡಿ. ನಿಮ್ಮ ನಿವೃತ್ತ ಸ್ನೇಹಿತರ ಗುಂಪಿಗೂ ಕಳುಹಿಸಿದ್ದರೆ, ಅದು ತಪ್ಪು ಮಾಹಿತಿ ಎಂದು ಅಲ್ಲಿ ಒಂದು ಸಾಲು ಹಾಕಿ. ನನ್ನ ಈ ಸಂದೇಶವನ್ನು ಮನೆಯವರ ಹೆಸರುಗಳನ್ನು ತೆಗೆದು ಕಳುಹಿಸಿದರೂ ಸರಿ. ಅಲ್ಲಿ ಎಲ್ಲರ ಮನೆಯಲ್ಲೂ ಮೊಮ್ಮಕ್ಕಳಿದ್ದಾರೆ, ನಿಮ್ಮ ಮಾತನ್ನು ಅವರು ಕೇಳುತ್ತಾರೆ.

ಯಾರಿಗೆ ಏನೇ ಅನುಮಾನವಿದ್ದರೂ ಇಲ್ಲೇ ಕೇಳಿ, ಫೋನ್ ಮಾಡಿದರೂ ಆಗಬಹುದು. ನಾನು ವೈದ್ಯೆಯಲ್ಲ, ನನಗೆ ತಿಳಿಯದ್ದನ್ನು ನಮ್ಮ ಆರೋಗ್ಯ ಕೇಂದ್ರದ ಡಾಕ್ಟರನ್ನು ಕೇಳಿ ಹೇಳುತ್ತೇನೆ. ರಶ್ಮಿ, ಬುಧವಾರ ಸಂಜೆಯ ಬಸ್ಸಿಗೆ ಬರುತ್ತೇನೆ. ಗುರುವಾರ ಬೆಳಿಗ್ಗೆ ಇಬ್ಬರೂ ಸೇರಿ ಆದ್ಯಾಳನ್ನು ಕರೆದುಕೊಂಡು ಹೋಗೋಣ. ತೋಳು ಸಡಿಲವಾಗಿರುವ ಅಂಗಿ ಹಾಕು.

— ವಿದ್ಯಾ