ಕೀ ಕೊಡೋ ವಾಚು

ಕರ್ಚೀಫಿನ ಗಂಟು ಬಿಚ್ಚಿ ಆತ ವಾಚನ್ನು ಗಾಜಿನ ಮೇಲಿಟ್ಟ. ಎಚ್‌ಎಂಟಿ ಜನತಾ.

"ನಮ್ಮಪ್ಪಂದು ಸಾರ್. ಹೋದ ಕಾರ್ತೀಕದಲ್ಲಿ ತೀರ್ಕೊಂಡ್ರು. ದಿನಾ ಸ್ನಾನ ಆದ್ಮೇಲೆ ಕೀ ಕೊಟ್ಟು ಕಟ್ಕೊಳೋರು, ಕೊನೇವರೆಗೂ. ನಾನು ಕೀ ಕೊಟ್ರೆ ಓಡ್ತಿಲ್ಲ."

ನಂಜುಂಡಯ್ಯ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಮೊದಲು ಡಯಲ್ ನೋಡಿದರು. ಮೈಸೂರಿನ ಚಿಕ್ಕ ಗಡಿಯಾರ ಗೋಪುರದ ಪಕ್ಕದ ಈ ಸಂದಿಗೆ ಬರುವ ಜನತಾಗಳಲ್ಲಿ ಅರ್ಧ, ಹಳೇ ಡಯಲಿಗೆ ಹೊಸ ಬಣ್ಣ ಬಳಿದು ಆನ್‌ಲೈನಿನಲ್ಲಿ ಮಾರಿದ ಮಾಲು. ಅವುಗಳ ಅಕ್ಷರ ದಪ್ಪ, ಅಂಚು ಕದಡಿರುತ್ತದೆ. ಇದರ ಅಕ್ಷರ ಕೂದಲೆಳೆಯಷ್ಟು ಸಣ್ಣ. ಬಿಳುಪು ಹಳೇ ಪಂಚೆಯ ಹಾಗೆ ಹಳದಿಗೆ ತಿರುಗಿತ್ತು. ಅಸಲಿ. ಕೇಸಿನ ಕಿವಿಗಳಲ್ಲಿ ಕ್ರೋಮ್ ಸವೆದು ಹಿತ್ತಾಳೆ ಕಾಣುತ್ತಿತ್ತು, ಬೆನ್ನಲ್ಲಿ ಬೆವರು ತಿಂದ ಗುಳಿಗಳು. ಕಟ್ಟಿದ್ದು ಮಾತ್ರ ನಿಜ.

ಕೀ ತಿರುಗಿಸಿದರು. ಸರಿಯಾಗಿರುವ ವಾಚು ಇಪ್ಪತ್ತೈದು, ಮೂವತ್ತು ಸುತ್ತಿಗೆ ಬಿಗಿದು ನಿಲ್ಲಬೇಕು. ಇದು ಕಿರ್ರ್ ಅನ್ನುತ್ತಾ ನಲವತ್ತು ದಾಟಿತು. ಬೆರಳಿಗೆ ಹಿಡಿತವೇ ಸಿಗಲಿಲ್ಲ. ಕೀಯ ತಲೆಯ ಹಲ್ಲುಗಳೂ ಸವೆದು ನುಣ್ಣಗಾಗಿದ್ದವು.

ಮುಚ್ಚಳದ ಒಳಗೆ ರಿಪೇರಿಯವರು ಸೂಜಿಯಲ್ಲಿ ಗೀರಿದ ಗುರುತು ಮೂರಿದ್ದವು. ಕೊನೆಯದು 8-96.

"ನಾನಾಗ ಎರಡನೇ ಕ್ಲಾಸು" ಅಂದ ಆತ.

ಬ್ಯಾಲೆನ್ಸ್ ಚಕ್ರಕ್ಕೆ ರಬ್ಬರ್ ಬುರುಡೆಯಿಂದ ಗಾಳಿ ಊದಿದರು. ಒಂದು ಸಲ ತೂಗಿ ನಿಂತಿತು. ಕಲ್ಲುಗಳ ಸುತ್ತ ಎಣ್ಣೆ ಗೋಂದಿನಂತೆ ಕಂದಾಗಿ ಗಟ್ಟಿಯಾಗಿತ್ತು. ಸ್ಪ್ರಿಂಗಿನಲ್ಲಿ ಜೀವವಿಲ್ಲವೆಂದು ಗೊತ್ತಿದ್ದರೂ ಅಭ್ಯಾಸಬಲದಿಂದ, ಕೊಟ್ಟ ಕೀ ಹಿಂದಕ್ಕೆ ತಿರುಗದಂತೆ ತಡೆಯುವ ಕ್ಲಿಕ್ ಅನ್ನೋ ಕೊಂಡಿಯನ್ನು ಎತ್ತಿ ಹಿಡಿದೇ ಬ್ರಿಡ್ಜಿನ ಸ್ಕ್ರೂ ಬಿಚ್ಚಿದರು. ಬಿಗಿ ಇರುವಾಗ ಬಿಚ್ಚಿದರೆ ಚಕ್ರದ ಹಲ್ಲು ಹಾರಿಹೋಗುತ್ತದೆ. ಬ್ಯಾರೆಲ್ ತೆರೆದರೆ, ಸ್ಪ್ರಿಂಗ್ ಒಳತುದಿಯಲ್ಲಿ ಕಡಿದಿತ್ತು. ಈಚೆಗೆ ಮುರಿದಿದ್ದರೆ ತುದಿ ಬೆಳ್ಳಗೆ ಹೊಳೆಯಬೇಕಿತ್ತು. ಇಲ್ಲಿ ತುಕ್ಕು ಹುಡಿಹುಡಿಯಾಗಿ ಚಿಮಟಿಗೆ ಅಂಟಿತು.

"ಇದು ನಿಂತು ಹತ್ತು ವರ್ಷವಾದ್ರೂ ಆಗಿದೆ" ಅಂದರು ನಂಜುಂಡಯ್ಯ.

"ಇಲ್ಲ ಸಾರ್, ಕೀ ಕೊಡೋ ಸದ್ದು ನಾನೇ ಕೇಳಿದೀನಿ."

"ಸದ್ದು ಕ್ಲಿಕ್ಕಿಂದು. ಸ್ಪ್ರಿಂಗ್ ಕಡಿದ್ರೂ ಅದು ಬರುತ್ತೆ." ಬಿಳಿ ಕಾಗದದ ಮೇಲೆ ತುಂಡನ್ನಿಟ್ಟು ಆತನ ಕಡೆ ಸರಿಸಿದರು. "ಟೈಮಿಗೆ ಏನ್ ಮಾಡ್ತಿದ್ರು?"

ಆತ ಬಹಳ ಹೊತ್ತು ತುಂಡನ್ನೇ ನೋಡಿದ.

"ದಿನಾ ಸಂಜೆ ಫೋನ್ ಮಾಡೋರು. ಎತ್ತಿದ್ ತಕ್ಷಣ ಟೈಮೆಷ್ಟಾಯ್ತಪ್ಪಾ ಅನ್ನೋರು. ಊಟ ಆಯ್ತಾ ಅಂತಾನೂ ಆಮೇಲೇ."

ನಂಜುಂಡಯ್ಯ ಚೀಟಿ ಬರೆದರು: ಸ್ಪ್ರಿಂಗ್, ಪೂರ್ತಿ ಸರ್ವಿಸ್, ಆರುನೂರು, ಎಂಟು ದಿನ.

"ಕೀ ತಲೆ ಸವೆದಿದೆ. ಹೊಸದು ಹಾಕಿದ್ರೆ ಐವತ್ತು ಜಾಸ್ತಿ."

"ಅದಿರ್ಲಿ ಬಿಡಿ."

"ಬೆರಳು ಜಾರುತ್ತೆ."

"ಜಾರ್ಲಿ."

ನಂಜುಂಡಯ್ಯ ಚಕ್ರಗಳನ್ನು ಒಂದೊಂದಾಗಿ ಪೆಟ್ರೋಲ್ ಬಟ್ಟಲಿಗೆ ಇಳಿಸತೊಡಗಿದರು.