ಗೋಡೆಯ ಬಿರುಕುಗಳ ಕುರಿತು

ಬೆಂಗಳೂರು
12 ನವೆಂಬರ್ 2024

ಶ್ರೀಮತಿ ಸರೋಜಮ್ಮನವರಿಗೆ ನಮಸ್ಕಾರಗಳು.

ಬಸವನಗುಡಿಯ ನಿಮ್ಮ ಮನೆಯ ಪರಿಶೀಲನೆ ಮುಗಿದಿದೆ. 1978ರ ಮನೆ, ಅದಕ್ಕೇ ಬಿರುಕು ಬಿಟ್ಟಿದೆ ಎಂದು ಪಕ್ಕದ ಗುತ್ತಿಗೆದಾರರು ಹೇಳಿದ್ದನ್ನು ನಾನು ಒಪ್ಪುವುದಿಲ್ಲ.

ನಿಮ್ಮ ಉತ್ತರದ ಗೋಡೆಯಿಂದ ಐದು ಅಡಿ ದೂರದಲ್ಲಿ ಪಕ್ಕದವರು ಎರಡು ನೆಲಮಾಳಿಗೆಗಾಗಿ 22 ಅಡಿ ಆಳಕ್ಕೆ ನೇರವಾಗಿ ಅಗೆದಿದ್ದಾರೆ. ಮಣ್ಣಿಗೆ ಆಸರೆ ಕಟ್ಟಿಲ್ಲ. ನಿಮ್ಮ ಸೈಜುಗಲ್ಲಿನ ಪಾಯ ನಾಲ್ಕೇ ಅಡಿ ಆಳದ್ದು. ಅದರ ಕೆಳಗಿನ ಮಣ್ಣು ಮನೆಯ ಭಾರ ಹೊರುವುದು ಅಕ್ಕಪಕ್ಕದ ಮಣ್ಣು ಒತ್ತಿ ಹಿಡಿದಿರುವುದರಿಂದ. ಒಂದು ಬದಿಯ ಹಿಡಿತ ಹೋದಾಗ ಮಣ್ಣು ಗುಂಡಿಯತ್ತ ಸರಿಯಿತು, ಮೇಲಿನ ನೆಲ ಕುಸಿಯಿತು. ಅಕ್ಟೋಬರಿನ ಮಳೆಗೆ ನೆನೆದ ಮಣ್ಣು ಇನ್ನಷ್ಟು ಸಡಿಲವಾಯಿತು. ಗುಂಡಿಯಿಂದ ಪಂಪು ಮಾಡಿದ ನೀರು ಕೆಂಪಗೆ ಕದಡಿತ್ತು ಎಂದಿರಿ. ಆ ನೀರಿನೊಡನೆ ನಯವಾದ ಮಣ್ಣೂ ಕೊಚ್ಚಿಹೋಗಿರುವ ಸಾಧ್ಯತೆ ಇದೆ.

ಬಿರುಕುಗಳ ರೂಪವೂ ಇದನ್ನೇ ಹೇಳುತ್ತದೆ. ದೇವರ ಕೋಣೆಯ ಪೂರ್ವದ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿರುವ ಬಿರುಕು ಕೆಳಗೆ ಕೂದಲೆಳೆಯಷ್ಟು, ಮೇಲೆ 4 ಮಿಲಿಮೀಟರ್. ಗೋಡೆಯ ಉತ್ತರದ ತುದಿ ಕುಸಿದಾಗ ಬಿರುಕು ಹೀಗೆಯೇ ಮೇಲ್ಗಡೆ ಬಾಯಿ ಬಿಡುತ್ತದೆ. ಗುಂಡಿಯಿಂದ ದೂರವಿರುವ ಅಡುಗೆಮನೆಯಲ್ಲಿ ಒಂದೂ ಬಿರುಕಿಲ್ಲ. ಪಾಯದ ಮೇಲೆ ಗೋಡೆಗಳನ್ನು ಒಟ್ಟಿಗೆ ಬಿಗಿದು ಹಿಡಿಯುವ ಕಾಂಕ್ರೀಟ್ ತೊಲೆ, ಅಂದರೆ ಪ್ಲಿಂತ್ ಬೀಮ್, ಇದ್ದಿದ್ದರೆ ಹಾನಿ ಕಡಿಮೆಯಾಗುತ್ತಿತ್ತು, ನಿಜ. ಆದರೆ ನಲವತ್ತಾರು ವರ್ಷ ಅದಿಲ್ಲದೆಯೇ ಮನೆ ನೆಟ್ಟಗೆ ನಿಂತಿತ್ತು.

ಒಂದು ಮಾತು ನಿಮಗೆ ಹಿಡಿಸದಿರಬಹುದು. ಛಾವಣಿಯ ಕೆಳಗೆ ಉದ್ದಕ್ಕೆ ಓಡಿರುವ ತೆಳು ಬಿರುಕು ಹಳೆಯದು. ಅದರೊಳಗೆ ಸುಣ್ಣ, ಧೂಳು ಕೂತಿದೆ. ಬಿಸಿಲಿಗೆ ಛಾವಣಿ ಹಿಗ್ಗಿ ಕುಗ್ಗುವುದರಿಂದ ಬಂದದ್ದು. ಪರಿಹಾರ ಕೇಳುವಾಗ ಅದನ್ನು ಸೇರಿಸಬೇಡಿ. ಸೇರಿಸಿದರೆ ಉಳಿದವುಗಳನ್ನೂ ಅನುಮಾನಿಸುತ್ತಾರೆ.

ಈಗಲೇ ಗಾರೆ ಮೆತ್ತಿಸಬೇಡಿ, ಮಣ್ಣು ಇನ್ನೂ ನೆಲೆಗೊಂಡಿಲ್ಲ. ಬಿರುಕಿನ ಮೇಲೆ ನಾನು ಅಂಟಿಸಿದ ಗಾಜಿನ ಪಟ್ಟಿಗಳನ್ನು ವಾರಕ್ಕೊಮ್ಮೆ ನೋಡಿ, ದಿನಾಂಕ ಕಾಣುವಂತೆ ಫೋಟೊ ತೆಗೆದಿಡಿ. ಪಟ್ಟಿ ಒಡೆದರೆ, ಬಾಗಿಲು ಬಿಗಿಯಾದರೆ ಅಥವಾ ಬಿರುಕು 5 ಮಿಲಿಮೀಟರ್ ದಾಟಿದರೆ ದೇವರ ಕೋಣೆಯನ್ನೂ ನಡುಮನೆಯನ್ನೂ ತೆರವು ಮಾಡಿ ಕೂಡಲೇ ಫೋನ್ ಮಾಡಿ. ಮಹಡಿಯ ಮಳೆನೀರು ಉತ್ತರದ ಬದಿಗೆ ಬೀಳದಂತೆ ಈ ವಾರವೇ ಕೊಳವೆ ತಿರುಗಿಸಿ.

ನನಗೆ ಹೆಚ್ಚು ಚಿಂತೆ ಇರುವುದು ಮುಂದಿನ ಹಂತದ ಬಗ್ಗೆ. ಪಕ್ಕದ ನೆಲಮಾಳಿಗೆಯ ತಡೆಗೋಡೆ ಎದ್ದ ಮೇಲೆ ಅದಕ್ಕೂ ಅಗೆದ ಅಂಚಿಗೂ ನಡುವೆ ಉಳಿಯುವ ಸಂದಿಗೆ ಕಟ್ಟಡದ ಕಸ ಸುರಿದು ಮುಚ್ಚುವುದು ಸಾಮಾನ್ಯ. ಹಾಗೆ ಮಾಡಿದರೆ ನಿಮ್ಮ ಪಾಯ ಮತ್ತೆ ಕುಸಿಯುತ್ತದೆ. ಒಳ್ಳೆಯ ಮಣ್ಣನ್ನು ಒಂದೊಂದೇ ತೆಳುವಾದ ಪದರವಾಗಿ ಹಾಕಿ ದಮ್ಮಸ್ಸು ಮಾಡಬೇಕು. ಅಲ್ಲಿಯವರೆಗೆ ಅಗೆದ ಅಂಚಿಗೆ ಆಸರೆ ಬೇಕು. ಎರಡನ್ನೂ ಪಕ್ಕದವರಿಂದ ಬರವಣಿಗೆಯಲ್ಲಿ ಪಡೆಯಿರಿ. ಅವರ ಎಂಜಿನಿಯರ್ ಜೊತೆ ಮಾತನಾಡಲು ನಾನೇ ಬರುತ್ತೇನೆ. ಆಮೇಲೆ ಎರಡು ತಿಂಗಳು ಬಿರುಕು ಬೆಳೆಯದಿದ್ದರೆ ಉಕ್ಕಿನ ಸರಳು ಕೂರಿಸಿ ಗೋಡೆಯನ್ನು ಹೊಲಿಯಬಹುದು.

ಇತಿ,
ರಾಘವೇಂದ್ರ
ಮಣ್ಣು ಮತ್ತು ಅಡಿಪಾಯ ಸಲಹೆಗಾರ